ಹೊಳಿಯಮ್ಮ ಕಂಡ ಕೆಂಪು ಚಂದ್ರ

ಯಲಬುರ್ಗಾದಲ್ಲಿ ಯಾರ ಮನೆಯಲ್ಲಾದರೂ ಮೊಲೆ ಚೀಪಲು ಬಾರದ ಕೂಸು ಹುಟ್ಟಿದರೆ ಹೊಳಿಯಮ್ಮನಿಗೆ ಕರೆ ಬರುತ್ತಿತ್ತು. ಅವಳು ಬಂದು ಕೈ ತೊಳೆದುಕೊಂಡು, ಕೂಸನ್ನು ಮಲಗಿಸದೆ ತೋಳಿನ ಮೇಲೆ ನೆಟ್ಟಗೆ ಕೂರಿಸಿಕೊಂಡು, ಒಳಲೆಯ ಮೂತಿಯನ್ನು ತುಟಿಯ ಮಗ್ಗುಲಿಗೆ ಹಿಡಿದು ಹನಿಹನಿಯಾಗಿ ಹಾಲು ಬಿಡುತ್ತಿದ್ದಳು. ಅವಸರವಿಲ್ಲ, ಹಾಡಿಲ್ಲ, ಮುದ್ದಿನ ಮಾತಿಲ್ಲ. ಸುತ್ತ ಕುಳಿತ ಹೆಂಗಸರಲ್ಲಿ ಯಾರಾದರೂ ಕೂಸಿನ ಸೀಳುದುಟಿ ನೋಡಿ “ಗ್ರಹಣ ಬಡಿದೈತಿ ಪಾಪ” ಎಂದರೆ ಮಾತ್ರ ತಲೆ ಎತ್ತದೆಯೇ ಹೇಳುತ್ತಿದ್ದಳು: “ಹಾಲ ಕುಡಿಸೂ ಹೊತ್ತಿನಾಗ ಸುಮ್ನಿರ್ರಿ.” ಹೆಂಗಸರು ಸುಮ್ಮನಾಗುತ್ತಿದ್ದರು.

ಇಷ್ಟು ಚುರುಕಿನ ಹೆಂಗಸು ಗಂಡನ ಮನೆ ಬಿಟ್ಟು ಅಣ್ಣನ ಮನೆಯಲ್ಲಿ ಯಾಕೆ ಉಳಿದಳು ಎಂದು ಹೊಸಬರು ಕೇಳಿದರೆ ಹಳಬರು ಬೇರೆ ಮಾತು ತೆಗೆಯುತ್ತಿದ್ದರು. ನಾನು ಬೇರೆ ಮಾತು ತೆಗೆಯುವುದಿಲ್ಲ. ಆದದ್ದು ಇಷ್ಟು.

ಹೊಳಿಯಮ್ಮನ ಅಪ್ಪ ಗೌಡರ ತೋಟದ ಬಾವಿಯಿಂದ ನೀರೆತ್ತುವ ಕಪಿಲಿ ಹೊಡೆಯುತ್ತಿದ್ದವ. ಅವಳು ಮೊಲೆಹಾಲು ಬಿಡುವ ಮೊದಲೇ ಪ್ಲೇಗಿಗೆ ಹೋದ. ಅವ್ವ ಫಕೀರಮ್ಮ ಕೂಲಿನಾಲಿ ಮಾಡಿ ಮಗ ಹೊನ್ನೂರಪ್ಪನನ್ನು ಓದಿಸಿದಳು. ಅವನು ಕಲಬುರ್ಗಿಯ ತನಕ ಹೋಗಿ ಓದಿ ಬಂದು ಯಲಬುರ್ಗಾದ ಸರ್ಕಾರಿ ಸಾಲೆಯಲ್ಲಿ ಮಾಸ್ತರನಾದ. ನಿಜಾಮರ ರಾಜ್ಯ, ಸಾಲೆಯಲ್ಲಿ ಉರ್ದುವಿನಲ್ಲಿ ಪಾಠ, ಮನೆಗೆ ಬಂದರೆ ಕನ್ನಡ. ತಂಗಿಯನ್ನು ಸಾಲೆಗೆ ಕಳಿಸಲು ಅವ್ವ ಒಪ್ಪಲಿಲ್ಲ. ಹಾಗಾಗಿ ಹಗಲು ಹುಡುಗರಿಗೆ ಹೇಳಿದ ಜುಗ್ರಾಫಿಯಾವನ್ನೇ, ಅಂದರೆ ಭೂಗೋಳವನ್ನೇ, ಹೊನ್ನೂರಪ್ಪ ಸಂಜೆ ಒಲೆಯ ಮುಂದೆ ಕುಳಿತು ತಂಗಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಹುಡುಗರು ಆಕಳಿಸುತ್ತಾ ಕೇಳಿದ್ದನ್ನು ಇವಳು ರೊಟ್ಟಿ ಬಡಿಯುತ್ತಾ ಬಾಯಿ ತೆರೆದು ಕೇಳುತ್ತಿದ್ದಳು. ಕೇಳಿ ಸುಮ್ಮನಿರುವವಳೂ ಅಲ್ಲ. “ಹಂಗಾದ್ರ ಹಿಂಗ್ಯಾಕ?” ಎನ್ನುತ್ತಿದ್ದಳು. ಎಷ್ಟೋ ಸಲ ಮಾಸ್ತರ ಮರುದಿನ ಪುಸ್ತಕ ನೋಡಿ ಬಂದು ಉತ್ತರ ಹೇಳಬೇಕಾಗುತ್ತಿತ್ತು. ಆ ಮನೆಯಲ್ಲಿ ಬಂಗಾರವಿರಲಿಲ್ಲ, ಹೊಲವಿರಲಿಲ್ಲ. ಅಣ್ಣತಂಗಿಯರ ನಡುವೆ ಇದೊಂದು ಇತ್ತು.

ಮಾಸ್ತರನಿಗೆ ಒಂದು ರೋಗವಿತ್ತು ಎನ್ನಬೇಕು. ಯಾರಾದರೂ ತಪ್ಪು ಹೇಳಿದರೆ ಅವನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಸಂತೆಯಲ್ಲಿ ಇಬ್ಬರು ಅಪರಿಚಿತರು ಮಾತಾಡುವಾಗ ಭೂಮಿ ಚಪ್ಪಟೆ ಎಂದದ್ದು ಕಿವಿಗೆ ಬಿದ್ದರೆ ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದುಕೊಂಡೇ ನಿಂತು ತಿದ್ದುತ್ತಿದ್ದ. ಊರವರು ನಗುತ್ತಿದ್ದರು. ಸಿಟ್ಟಾಗುತ್ತಿರಲಿಲ್ಲ, ಯಾಕೆಂದರೆ ಅವನಿಗೆ ಸೊಕ್ಕಿರಲಿಲ್ಲ. ತನಗೆ ಸಿಹಿಯಾದದ್ದು ಎಲ್ಲರಿಗೂ ಸಿಹಿ ಎಂದು ನಂಬಿದ್ದ, ಅಷ್ಟೇ.

ಹೊಳಿಯಮ್ಮನನ್ನು ತಳಕಲ್ಲಿನ ಹುಚ್ಚೀರಪ್ಪನಿಗೆ ಕೊಟ್ಟರು. ಗಂಡ ಮೆತ್ತನೆಯ ಮನುಷ್ಯ, ಹೆಂಡತಿಯನ್ನು ಕಂಡರೆ ಆಸೆಯೂ ಇತ್ತು, ಆದರೆ ತನ್ನ ಅವ್ವ ದುರಗಮ್ಮನ ಎದುರು ಅವನ ಬಾಯಿ ಏಳುತ್ತಿರಲಿಲ್ಲ. ಎರಡು ವರ್ಷಕ್ಕೆ ಹೊಳಿಯಮ್ಮ ಬಸುರಿಯಾದಳು. ಚೊಚ್ಚಲು. ಏಳು ತಿಂಗಳಿಗೆ ಸೀಮಂತದ ಕುಬಸ ಮಾಡಿ ತವರಿಗೆ ಕರೆತಂದರು. ಅದು ಮೂವತ್ತೊಂಬತ್ತರ ಬೇಸಿಗೆ. ಆ ವರ್ಷ ವೈಶಾಖದ ಆಗಿ ಹುಣ್ಣಿಮೆಗೆ ಚಂದ್ರಗ್ರಹಣ ಬಂತು. ಅದೂ ತುಂಬು ಗ್ರಹಣ, ಅದೂ ಊರೆಲ್ಲ ಎಚ್ಚರವಿರುವ ಮುಸ್ಸಂಜೆಯಲ್ಲಿ.

ಬಸುರಿ ಹೆಂಗಸು ಗ್ರಹಣ ನೋಡಬಾರದು. ನೋಡುವುದಿರಲಿ, ಅದರ ಬೆಳಕು ಮೈಮೇಲೆ ಬೀಳಬಾರದು. ಕತ್ತಲ ಕೋಣೆಯಲ್ಲಿ ಕೈಕಾಲು ಮಡಚದೆ ಮಲಗಬೇಕು, ಏನನ್ನೂ ಹೆಚ್ಚಬಾರದು, ಹರಿಯಬಾರದು. ಚಂದ್ರ ಕೆಂಪಾಗುವುದು ರಾಹು ಕಚ್ಚಿದ ಕಡೆ ರಕ್ತ ಒಸರಿದ್ದಕ್ಕೆ. ಆ ರಕ್ತದ ನೆರಳು ಹೊಟ್ಟೆಯ ಮೇಲೆ ಬಿದ್ದರೆ ಕೂಸಿನ ತುಟಿ ಹರಿಯುತ್ತದೆ. ದುರಗಮ್ಮ ತಳಕಲ್ಲಿನಿಂದ ಇದನ್ನೆಲ್ಲ ಹೇಳಿ ಕಳಿಸಿದ್ದಳು. ಫಕೀರಮ್ಮ ಹೇಳಿಸಿಕೊಳ್ಳುವ ಮೊದಲೇ ಕೋಣೆಯ ಕಿಂಡಿಗೆ ಗೋಣಿ ತುರುಕಿಟ್ಟಿದ್ದಳು.

ಗ್ರಹಣದ ಹಿಂದಿನ ಸಂಜೆ ಹೊಳಿಯಮ್ಮ ಅಣ್ಣನನ್ನು ಕೇಳಿದಳು: “ಅಣ್ಣಾ, ಭೂಮಿ ನೆರಳ ಬೀಳ್ತೈತಿ ಅಂದಿ. ನೆರಳಂದ್ರ ಕರ್ರಗ ಇರಬೇಕಲ್ಲ? ಕೆಂಪ್ಯಾಕ?”

ಮಾಸ್ತರನಿಗೆ ಹಬ್ಬವಾಯಿತು. ಒಂದು ಬೋಗುಣಿ ತಂದು ಅದರ ತಳದಲ್ಲಿ ಒಂದು ದುಡ್ಡಿನ ಬಿಲ್ಲೆಯಿಟ್ಟು, ಅಂಚು ಮರೆಯಾಗಿ ಬಿಲ್ಲೆ ಕಾಣದಷ್ಟು ಹಿಂದಕ್ಕೆ ತಂಗಿಯನ್ನು ಕೂರಿಸಿದ. “ಈಗ ಕಾಣ್ತೈತೇನು?” “ಇಲ್ಲ.” ಬೋಗುಣಿಗೆ ನಿಧಾನವಾಗಿ ನೀರು ಹೊಯ್ದ. ಅವಳು ಕುಳಿತಲ್ಲಿಯೇ ಬಿಲ್ಲೆ ಕಂಡಿತು! “ನೋಡು, ನೀರು ಬೆಳಕನ್ನ ಬಾಗಿಸ್ತು. ಭೂಮಿ ಸುತ್ತ ಗಾಳಿ ಐತೆಲ್ಲ, ಅದೂ ಹಿಂಗ ಬಾಗಿಸ್ತೈತಿ. ಸೂರ್ಯನ ಬೆಳಕು ಭೂಮಿ ಅಂಚಿನ ಗಾಳಿಯೊಳಗ ಹಾದು, ಬಾಗಿ, ನೆರಳಿನೊಳಗ ಹೋಗಿ ಚಂದ್ರನ ಮ್ಯಾಲ ಬೀಳ್ತೈತಿ.”

“ಅದು ಬಾಗೂದಾತು. ಕೆಂಪ್ಯಾಕ?”

ಆಗ ಅವನು ಸಾಲೆಯಿಂದ ತಂದ ಉದ್ದನೆಯ ಗಾಜಿನ ಸೀಸೆಗೆ ನೀರು ತುಂಬಿ ಕೆಲವು ಹನಿ ಹಾಲು ಬೆರೆಸಿ, ಅದನ್ನು ಅಡ್ಡ ಹಿಡಿದು ಒಂದು ತುದಿಗೆ ಕಂದೀಲು ಇಟ್ಟ. ಮಗ್ಗುಲಿನಿಂದ ನೋಡಿದರೆ ನೀರು ತುಸು ನೀಲಿಯಾಗಿತ್ತು. ಇನ್ನೊಂದು ತುದಿಯಿಂದ ನೋಡಿದರೆ ಕಂದೀಲಿನ ಕುಡಿ ಕೆಂಪಗೆ ಕಂಡಿತು. ಗಾಳಿಯಲ್ಲಿ ದೂರ ಹಾಯುವಾಗ ಬೆಳಕಿನ ನೀಲಿಯೆಲ್ಲ ಅತ್ತಿತ್ತ ಚೆದುರಿ ಹೋಗುತ್ತದೆ, ಕೆಂಪು ಮಾತ್ರ ಉಳಿದು ದಾಟುತ್ತದೆ. ಸಂಜೆಯ ಸೂರ್ಯ ಕೆಂಪಾಗುವುದೂ ಅದಕ್ಕೇ ಎಂದ.

ಹೊಳಿಯಮ್ಮ ಸೀಸೆಯಲ್ಲಿ ಕಣ್ಣಿಟ್ಟು ಬಹಳ ಹೊತ್ತು ಕುಳಿತಳು. ಆಮೇಲೆ ಹೇಳಿದಳು: “ಅಂದ್ರ ಆ ಹೊತ್ತಿಗೆ ಭೂಮಿ ಮ್ಯಾಲ ಎಲ್ಲೆಲ್ಲಿ ಸೂರ್ಯ ಮುಳಗಾಕತ್ಯಾನೋ, ಎಲ್ಲೆಲ್ಲಿ ಹುಟ್ಟಾಕತ್ಯಾನೋ, ಆ ಕೆಂಪೆಲ್ಲಾ ಒಟ್ಟಿಗೆ ಹೋಗಿ ಅಲ್ಲಿ ಬೀಳ್ತೈತಿ.”

ಮಾಸ್ತರ ತಂಗಿಯ ಮುಖವನ್ನೇ ನೋಡಿದ. ತಾನು ಪುಸ್ತಕದಲ್ಲಿ ಓದಿದ್ದರೂ ಇಷ್ಟು ಚೆಂದವಾಗಿ ಯಾರಿಗೂ ಹೇಳಿರಲಿಲ್ಲ ಎಂದು ಅವನಿಗೆ ಅನ್ನಿಸಿರಬೇಕು.

“ನಾ ಅದನ್ನ ನೋಡಬೇಕಣ್ಣಾ,” ಎಂದಳು. ಅವನು ಕರೆಯಲಿಲ್ಲ, ಇವಳೇ ಕೇಳಿದಳು. ಇದು ನೆನಪಿರಲಿ, ಯಾಕೆಂದರೆ ಆಮೇಲೆ ಎಲ್ಲರೂ ಅವನೇ ಎಳೆದುಕೊಂಡು ಹೋದ ಎಂದರು.

ಮರುದಿನ ಸಂಜೆ ಫಕೀರಮ್ಮ ಮಗಳನ್ನು ಕೋಣೆಗೆ ಹಾಕಿ, ಪಕ್ಕದ ಮನೆಯ ಸೂಲಗಿತ್ತಿ ಮೆಹಬೂಬಬೀಯನ್ನು ಬಾಗಿಲಿಗೆ ಕೂರಿಸಿ, ಉಳಿದ ಮುದುಕಿಯರ ಜೊತೆ ಕೆರೆಗೆ ಹೋದಳು. ಗ್ರಹಣ ಹಿಡಿಯುವಾಗ ಒಂದು ಮುಳುಗು, ಬಿಡುವಾಗ ಒಂದು ಮುಳುಗು. ನಡುವೆ ದಂಡೆಯ ಮೇಲೆ ದೇವರ ಹೆಸರು. ಮೆಹಬೂಬಬೀಯೂ ಗ್ರಹಣದ ನಮಾಜಿಗೆ ಚಾಪೆ ಹಾಸಿದಳು. ಅವಳು ಹಣೆ ನೆಲಕ್ಕೆ ಹಚ್ಚಿದ ಹೊತ್ತಿಗೆ ಹೊಳಿಯಮ್ಮ ಹಿತ್ತಲ ಬಾಗಿಲು ದಾಟಿ ಅಣ್ಣನ ಪಕ್ಕ ಬಂದು ನಿಂತಳು.

ಮೊದಮೊದಲು ಕೆಂಪೇ ಇರಲಿಲ್ಲ. ರೊಟ್ಟಿಯನ್ನು ಅಂಚಿನಿಂದ ಮುರಿದಂತೆ ಒಂದು ಕರಿಯ ತುಂಡು, ಅಷ್ಟೇ. “ಉಳಿದ ಬೆಳಕು ಕಣ್ಣಿಗೆ ಹೊಡಿತೈತಿ, ಅದಕ್ಕ ಕಾಣವಲ್ದು. ತಡಿ,” ಎಂದ ಮಾಸ್ತರ. ಬೆಳಗುವ ಭಾಗ ಸವೆಸವೆದು ಒಂದು ಗೆರೆಯಾಯಿತು. ಕರಿಯದು ಮೆಲ್ಲಗೆ ಕಂದುಬಣ್ಣವಾಯಿತು. ಗೆರೆಯೂ ಹೋದ ಮೇಲೆ ಇಡೀ ಚಂದ್ರ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಕೊಡದ ಬಣ್ಣಕ್ಕೆ ತಿರುಗಿ ಮೇಲೆ ತೂಗುತ್ತಿತ್ತು. ಅಷ್ಟು ಹೊತ್ತು ಕಾಣದಿದ್ದ ಚುಕ್ಕೆಗಳೆಲ್ಲ ಸುತ್ತ ಬಂದವು. ಕೆರೆಯ ಕಡೆಯಿಂದ ಹೆಂಗಸರ ದನಿ, ಊರೊಳಗೆ ಜಾಗಟೆ. ಹೊಳಿಯಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವಳ ಜನ್ಮದಲ್ಲಿ ಅಷ್ಟು ಸುಖ ಅದಕ್ಕೂ ಮುಂಚೆ ಇರಲಿಲ್ಲ, ಆಮೇಲಂತೂ ಬರಲೇ ಇಲ್ಲ.

“ಅಣ್ಣಾ, ಎಲ್ಲಾ ಕಡೆ ಒಂದೇ ಕೆಂಪಿಲ್ಲ ನೋಡು. ಆ ಅಂಚು ತುಸು ತಿಳಿ ಐತಿ, ಈ ಕಡೆ ಮಬ್ಬು.”

ಮಾಸ್ತರ ನೋಡಿದ. ಹೌದು. ಅವನು ಗಮನಿಸಿರಲಿಲ್ಲ. ಸ್ವಲ್ಪ ಯೋಚಿಸಿ, ನೆರಳಿನ ಅಂಚಿಗೆ ಹತ್ತಿರವಿರುವ ಕಡೆ ಬಾಗಿದ ಬೆಳಕು ಹೆಚ್ಚು, ನಡುವಿನ ಕಡೆ ಕಡಿಮೆ ಎಂದ. ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು.

ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಮೆಹಬೂಬಬೀ ನಿಂತಿದ್ದಳು. ಬೈಯಲಿಲ್ಲ. “ಒಳಗ ಬಾ ಬೇಟಿ, ನಿಮ್ಮವ್ವ ಬರೂ ಹೊತ್ತಾತು,” ಎಂದಳು, ಅಷ್ಟೇ.

ಮುಂಗಾರು ಬಿತ್ತನೆ ಮುಗಿಯುವ ಹೊತ್ತಿಗೆ ಹೊಳಿಯಮ್ಮ ಗಂಡುಮಗುವನ್ನು ಹೆತ್ತಳು. ಮೇಲ್ದುಟಿ ಮೂಗಿನ ತನಕ ಸೀಳಿತ್ತು.

ತುಟಿ ಕೂಡುವುದು ಬಸುರಿನ ಎರಡನೇ ತಿಂಗಳಿಗೇ ಅಂತೆ. ಈಗಿನ ಡಾಕ್ಟರರು ಹೇಳುತ್ತಾರೆ. ಆ ಗ್ರಹಣ ಹಿಡಿಯುವ ಎಷ್ಟೋ ಮೊದಲೇ ಆ ಕೂಸಿನ ತುಟಿ ಆಗುವಂತೆ ಆಗಿಹೋಗಿತ್ತು. ಇದು ಆ ಮನೆಯಲ್ಲಿ ಮಾಸ್ತರನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಏನಾಗುತ್ತಿತ್ತೋ, ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮೆಹಬೂಬಬೀ ಮಾತ್ರ ಕೂಸನ್ನು ಒರೆಸುತ್ತಾ ಹೇಳಿದಳು: “ಗ್ರಹಣ ಇಲ್ಲದ ವರ್ಷದಾಗೂ ಇಂಥವು ಹುಟ್ಟ್ಯಾವ. ನನ್ನ ಕೈಯಾಗ ಹುಟ್ಟ್ಯಾವ. ಆದ್ರ ನನ್ನ ಮಾತು ಯಾರು ಕೇಳ್ತಾರ? ತಳಕಲ್ಲಿನವ್ರು ಬಂದು ಕೇಳಿದ್ರ ಕ್ವಾಣ್ಯಾಗ ಇದ್ದೆ ಅನ್ನು. ಅಷ್ಟ ಅನ್ನು.” ಆಮೇಲೆ ಅಂಗಳಕ್ಕೆ ಹೋಗಿ ಮಾಸ್ತರನಿಗೂ ಹೇಳಿದಳು: “ನೀವು ಏನೂ ಹೇಳಬ್ಯಾಡ್ರಿ ಮಾಸ್ತರ. ಬಾಯಿ ಮುಚ್ಕೊಂಡು ಕುಂದರ್ರಿ, ಸಾಕು.” ಮಾಸ್ತರ ತಲೆಯಾಡಿಸಿದ.

ತೊಟ್ಟಿಲಿಗೆಂದು ಬೀಗರು ಬಂದರು: ದುರಗಮ್ಮ, ಹುಚ್ಚೀರಪ್ಪ, ಅವನ ದೊಡ್ಡಪ್ಪ ಹುಸೇನಪ್ಪ. ಹುಸೇನಪ್ಪ ಆ ಮನೆತನದ ಹಿರಿಯ, ಅವನು ಅಂದದ್ದೇ ಆಗಬೇಕು, ದುಡುಕಿನವನಲ್ಲ. ಕೂಸಿನ ಮುಖ ನೋಡಿ ದುರಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಪಡಸಾಲೆಯಲ್ಲಿ ಕುಳಿತು ಒಂದೇ ಮಾತು: “ಇಕಿ ಗ್ರಹಣದಾಗ ಹೊರಗ ಬಂದಾಳ. ಹೇಳಿ ಕಳಿಸಿದ್ರೂ ಬಂದಾಳ. ಬೇಕಂತ ನನ್ನ ಮಗನ ಮನಿ ಕೆಡಿಸಿದಾಕಿನ್ನ ನಾ ಕರಕೊಂಡು ಹೋಗೂದಿಲ್ಲ.”

ಹುಸೇನಪ್ಪ ಸೊಸೆಯನ್ನೇ ಕರೆದು ಕೇಳಿದ: “ಹೊಳೆವ್ವಾ, ದೇವರ ಮುಂದ ಹೇಳಿದಂಗ ಹೇಳು. ಹೊರಗ ಬಂದಿದ್ದೇನು?”

ಹೊಳಿಯಮ್ಮ ಬಾಗಿಲ ಮರೆಯಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. “ಇಲ್ರಿ. ಕ್ವಾಣ್ಯಾಗ ಇದ್ದೆ,” ಎಂದಳು. ಫಕೀರಮ್ಮ “ಕಿಂಡಿಗೆ ನಾನ ಗೋಣಿ ತುರುಕಿದ್ದೆ” ಎಂದು ಆಣೆಯಿಟ್ಟು ಹೇಳಿದಳು. ಪಾಪ, ಅವಳು ನಂಬಿದ್ದನ್ನೇ ಹೇಳಿದಳು. ಮೆಹಬೂಬಬೀ “ನಾನ ಬಾಗಿಲಾಗ ಕುಂತಿದ್ದೆ” ಎಂದಳು.

ಹುಸೇನಪ್ಪ ಮೀಸೆ ನೀವಿಕೊಂಡ. ಕೊನೆಗೆ ಅವನ ಮುಖ ಸಡಿಲವಾಯಿತು. “ದುರಗವ್ವಾ, ಸಾಕು ಬಿಡು. ಹುಡುಗಿ ತಪ್ಪಿಲ್ಲ. ಅವತ್ತು ಚಂದ್ರ ಎಂಥಾ ರಕ್ತ ಕಾರಿದ ಅಂತ ನಾವೆಲ್ಲಾ ನೋಡೀವಿ. ಅಷ್ಟು ರಕ್ತ ಸುರಿದ ಮ್ಯಾಲ ಗ್ವಾಡಿ ಆದ್ರೂ ಏನ ತಡದೀತು? ದೇವರ ಇಚ್ಛಾ. ಹುಲಿಗೆಮ್ಮಗ ಹರಕಿ ಹೊರೂಣು. ತೊಟ್ಟಿಲ ಕಟ್ಟ್ರಿ, ಹೆಸರಿಟ್ಟು ತಾಯಿಮಗನ್ನ ಕರಕೊಂಡು ಹೋಗೂಣು.”

ಬಾಗಿಲ ಮರೆಯಲ್ಲಿ ಹೊಳಿಯಮ್ಮ ಕೂಸಿನ ನೆತ್ತಿಗೆ ಮುಖವಿಟ್ಟಳು. ಹುಚ್ಚೀರಪ್ಪ ತಲೆ ಎತ್ತಿ ಅವಳ ಕಡೆ ನೋಡಿ ಸಣ್ಣಗೆ ನಕ್ಕ. ಎಲ್ಲ ಮುಗಿದಿತ್ತು. ಎಲ್ಲ ಸರಿಹೋಗಿತ್ತು.

ಆಗ ಮಾಸ್ತರ ಬಾಯಿ ಬಿಟ್ಟ.

“ಅದು ರಕ್ತ ಅಲ್ರಿ, ಹುಸೇನಪ್ಪನವರ.”

ಆ ದನಿ ಹೊಳಿಯಮ್ಮನಿಗೆ ಗೊತ್ತಿತ್ತು. ಒಲೆಯ ಮುಂದಿನ ದನಿ.

“ಅಂಜಬ್ಯಾಡ್ರಿ, ಅದರಾಗ ಕೆಟ್ಟದ್ದು ಏನೂ ಇಲ್ಲ. ಹೊಳೆವ್ವಾ, ಒಂದ ಬೋಗುಣಿ, ಒಂದ ತಂಬಿಗಿ ನೀರ ತಾ.”

ಅವಳು ಬೋಗುಣಿ, ತಂಬಿಗೆ ತಂದಳು. ಅಣ್ಣನ ಮುಂದೆ ಇಟ್ಟು ಅವನ ಕಣ್ಣಲ್ಲಿ ಕಣ್ಣಿಟ್ಟಳು. ಬೇಡ ಎಂದು ಬಾಯಿ ಬಿಟ್ಟು ಹೇಳುವಂತಿರಲಿಲ್ಲ. ಕಣ್ಣಿನಿಂದ ಎಷ್ಟು ಹೇಳಲು ಸಾಧ್ಯವೋ ಅಷ್ಟು ಹೇಳಿದಳು. ಅವನು ಬೋಗುಣಿಯನ್ನು ನೋಡಿದ, ಅವಳನ್ನು ನೋಡಲಿಲ್ಲ.

ಬಿಲ್ಲೆ ಇಟ್ಟ, ನೀರು ಹೊಯ್ದ. ಗಾಳಿ, ಬಾಗುವ ಬೆಳಕು, ಚೆದುರುವ ನೀಲಿ, ಉಳಿಯುವ ಕೆಂಪು ಎಲ್ಲ ಹೇಳಿದ. ಒಂದು ತಪ್ಪಿಲ್ಲ. ಹುಸೇನಪ್ಪ ಬಗ್ಗಿ ಬಗ್ಗಿ ನೋಡಿದ. ಅವನಿಗೆ ಖುಷಿಯೂ ಆಯಿತು. “ಹೌದಲ್ರಿ ಮಾಸ್ತರ, ಬಿಲ್ಲಿ ಕಾಣ್ತು!” ಎಂದ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಕೇಳುವವರು ಮನಸ್ಸಿಟ್ಟು ಕೇಳಿದರೆ ಮಾಸ್ತರನಿಗೆ ಮೈ ಮರೆಯುತ್ತಿತ್ತು.

“ಇದನ್ನೆಲ್ಲಾ ತಿಳಕೊಳ್ಳಾಕ ಸಾಲಿನೂ ಬೇಕಾಗಿಲ್ರಿ. ನಮ್ಮ ಹೊಳೆವ್ವನ್ನ ನೋಡ್ರಿ, ಒಂದ ಅಂಚು ತಿಳಿ ಐತಿ, ಒಂದ ಕಡೆ ಮಬ್ಬೈತಿ ಅಂತ ಮೊದಲ ಕಂಡಾಕಿನ ಆಕಿ. ನಾ ನೋಡಿದ್ದಿಲ್ಲ, ಆಕಿ ತೋರಿಸಿದ್ಲು!”

ಹುಸೇನಪ್ಪ ಬೋಗುಣಿಯಿಂದ ತಲೆ ಎತ್ತಿದ. ಮಾಸ್ತರನಿಗೆ ತಾನೇನು ಹೇಳಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಅವನ ಕೈಯಲ್ಲಿದ್ದ ತಂಬಿಗೆ ಓರೆಯಾಗಿ ನೀರು ಪಂಚೆಯ ಮೇಲೆ ಸುರಿಯುತ್ತಲೇ ಇತ್ತು.

ಫಕೀರಮ್ಮ ಮಗಳ ಕಡೆ ತಿರುಗಿ, “ಹೌದೇನ?” ಎಂದಳು. ಹೊಳಿಯಮ್ಮ ಕೂಸಿನ ಮುಖದ ಮೇಲೆ ಸೆರಗು ಎಳೆದಳು.

ದುರಗಮ್ಮ ಕೂಗಾಡುತ್ತಾಳೆ ಎಂದುಕೊಂಡರೆ ಅವಳು ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿದಳು. ಮಾತಾಡಿದವನು ಹುಸೇನಪ್ಪ. “ಮಾಸ್ತರ, ನೀವು ಹೇಳಿದ್ದು ಖರೇನ ಇರಬಹುದು. ಅದು ರಕ್ತ ಅಲ್ಲ ಅಂತ ನಾ ಒಪ್ಪತೀನಿ. ಆದ್ರ ಈ ಹುಡುಗಿ ದೇವರ ಮುಂದ ನನಗ ಸುಳ್ಳ ಹೇಳಿದ್ಲು. ಸುಳ್ಳಿನ ಮ್ಯಾಲ ನಾ ತೊಟ್ಟಿಲ ಹೆಂಗ ಕಟ್ಟಲಿ?” ಹುಚ್ಚೀರಪ್ಪ ಎದ್ದು ಬಾಗಿಲ ತನಕ ಬಂದು, ಕೂಸಿನ ಕಾಲನ್ನು ಒಮ್ಮೆ ಮುಟ್ಟಿ, ಅವ್ವನ ಹಿಂದೆ ಹೊರಟುಹೋದ.

ತೊಟ್ಟಿಲು ಕಟ್ಟಲಿಲ್ಲ. ಹೊಳಿಯಪ್ಪ ಎಂಬ ಹೆಸರನ್ನು ಅವಳೇ ಮಗನ ಕಿವಿಯಲ್ಲಿ ಹೇಳಿಕೊಂಡಳು. ಚೀಪಲು ಬಾರದ ಕೂಸು. ಹಾಲು ಮೂಗಿಗೆ ಬರುತ್ತಿತ್ತು, ಮತ್ತೆ ಮತ್ತೆ ನೆತ್ತಿಗೇರುತ್ತಿತ್ತು. ಹೇಗೆ ಹಿಡಿಯಬೇಕು, ಎಷ್ಟು ಹನಿಸಬೇಕು ಎಂದು ಮೆಹಬೂಬಬೀ ಜೊತೆ ಕುಳಿತು ಅವಳು ಒಂದೊಂದಾಗಿ ಕಲಿತಳು. ಅಳಲಿಲ್ಲ. ಅಣ್ಣನಿಗೆ ಊಟಕ್ಕೆ ಹಾಕುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತಾಡಿಸಿದರೆ ಉತ್ತರ ಕೊಡುತ್ತಿದ್ದಳು. ಆದರೆ ಅವನನ್ನು ಏನೂ ಕೇಳುತ್ತಿರಲಿಲ್ಲ. ಮಾಸ್ತರ ಒಲೆಯ ಮುಂದೆ ಬಂದು ಕುಳಿತು, ಕುಳಿತು, ಎದ್ದು ಹೋಗುತ್ತಿದ್ದ.

ಹೀಗೇ ದಸರಾ ಹತ್ತಿರ ಬಂತು. ಕುಷ್ಟಗಿಯ ಕಡೆಯಿಂದ ಹುಚ್ಚೀರಪ್ಪನಿಗೆ ಹೆಣ್ಣು ನೋಡಿದ್ದಾರೆಂದು ಸುದ್ದಿ ಬಂದ ದಿನ ಮಾಸ್ತರ ಸಾಲೆಗೆ ಹೋಗಲಿಲ್ಲ. ಯಾರಿಗೂ ಹೇಳದೆ ತಳಕಲ್ಲಿನ ದಾರಿ ಹಿಡಿದ. ಮರುದಿನ ಮಧ್ಯಾಹ್ನ ಮರಳಿ ಬಂದಾಗ ಮೊಣಕಾಲ ತನಕ ಎರೆಮಣ್ಣು ಮೆತ್ತಿತ್ತು. ಹೊಳಿಯಮ್ಮ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅವನು ಕಾಲು ತೊಳೆಯದೆ ಹೊಸ್ತಿಲ ಹೊರಗೇ ಕುಳಿತ.

“ತಳಕಲ್ಲಿಗೆ ಹೋಗಿದ್ದೆ,” ಎಂದ.

ಅವಳು ಕೈ ನಿಲ್ಲಿಸಿದಳು.

“ಹೊಳೆವ್ವ ಹೊರಗ ಬಂದೇ ಇಲ್ಲ, ತಂಗಿ ಶ್ಯಾಣ್ಯಾಕಿ ಅನಿಸಿಕೊಳ್ಳಲಿ ಅಂತ ನಾನ ಕಟ್ಟಿ ಹೇಳಿದೆ ಅಂದೆ. ಎಲ್ಲಾರ ಮುಂದ ಅಂದೆ. ಕಾಲಿಗೆ ಬಿದ್ದು ಅಂದೆ.”

“ಏನಂದ್ರು?”

“ಹುಸೇನಪ್ಪ ಕೇಳಿದ, ಹಂಗಾದ್ರ ಚಂದ್ರ ಯಾಕ ಕೆಂಪಾದ ಮಾಸ್ತರ, ಅದೂ ಕಟ್ಟಿದ್ದೇನು, ಅಂತ.”

“ನೀ ಏನಂದಿ?”

ಮಾಸ್ತರ ನೆಲ ನೋಡಿದ. “ರಕ್ತ ಅಂದೆ. ರಾಹು ಕಚ್ಚಿದ ರಕ್ತ ಅಂದೆ.”

ಹೊಳಿಯಮ್ಮ ಒಳಲೆಯನ್ನು ಮತ್ತೆ ಕೂಸಿನ ತುಟಿಗೆ ಹಿಡಿದಳು.

“ನಂಬಲಿಲ್ಲ. ಭುಜ ಹಿಡಿದು ಎಬ್ಬಿಸಿ, ನಿಮಗ ಸುಳ್ಳ ಹೇಳಾಕ ಬರೂದಿಲ್ಲ, ಮನೀಗೆ ಹೋಗ್ರಿ ಅಂದ. ಮದುವಿ ನಿಶ್ಚಯ ಆಗೇತಿ.”

ಬೀಗರು ಎದ್ದು ಹೋದ ದಿನ ಬಾರದ ಅಳು, ಗಂಡನಿಗೆ ಹೆಣ್ಣು ನೋಡಿದರೆಂದಾಗ ಬಾರದ ಅಳು, ಆಗ ಬಂತು. ಗಂಡ ಹೋದದ್ದಕ್ಕಲ್ಲ, ಅವನು ಅಂದೇ ಹೋಗಿದ್ದ. ಸಂತೆಯಲ್ಲಿ ನಿಂತು ಊರನ್ನೆಲ್ಲ ತಿದ್ದುವ ಅಣ್ಣ, ಅವಳಿಗೆ ಒಲೆಯ ಮುಂದೆ ಆಕಾಶ ಕೊಟ್ಟ ಅಣ್ಣ, ಅದನ್ನು ಅವಳಿಗಾಗಿ ಹತ್ತು ಜನರ ಮುಂದೆ ನೆಲಕ್ಕೆ ಹಾಕಿ ಬಂದಿದ್ದ, ಮತ್ತು ಅದರಿಂದ ಏನೂ ಆಗಿರಲಿಲ್ಲ. ಅಳುವಿನ ನಡುವೆ ಕೂಸಿಗೆ ಹಾಲು ನೆತ್ತಿಗೇರಿತು, ಅದನ್ನು ಎತ್ತಿ ಬೆನ್ನು ತಟ್ಟುತ್ತಾ ತಟ್ಟುತ್ತಾ ಅವಳು ಹೇಳಿದಳು: “ಅದು ರಕ್ತ ಅಲ್ಲಣ್ಣಾ. ಅದು ರಕ್ತ ಅಲ್ಲ.”

ಹೊನ್ನೂರಪ್ಪ ಮಾಸ್ತರ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.